ಅಜ್ಜನ ವಿಡಿಯೋ ಕಾಲ್

ಅಪ್ಪ ಈಗ ತಾವೇ ವಿಡಿಯೋ ಕಾಲ್ ಮಾಡುತ್ತಾರೆ. ಕಲಿಸಿದ್ದು ನನ್ನ ಮಗಳು, ಒಂಬತ್ತನೇ ಕ್ಲಾಸು. ಮೊದಲು ಅವರು ಫೋನನ್ನು ಕಿವಿಗೇ ಇಟ್ಟುಕೊಳ್ಳುತ್ತಿದ್ದರು, ಶಿರಸಿಯ ಚಿಕ್ಕಪ್ಪನಿಗೆ ಬರೀ ಕಿವಿ ಕಾಣುತ್ತಿತ್ತು. ಆಮೇಲೆ ಕಿಟಕಿಗೆ ಬೆನ್ನು ಹಾಕಿ ಕೂತು ಮುಖವೆಲ್ಲ ಕಪ್ಪು. "ಅಜ್ಜ, ಬೆಳಕಿಗೆ ಮುಖ ಮಾಡಿ ಕೂತ್ಕೋ" ಅಂದಳು, ಸರಿಹೋಯಿತು.

ಕ್ಯಾಮೆರಾ ತಿರುಗಿಸುವ ಗುರುತು ಗೊತ್ತಾದ ದಿನ ಅಪ್ಪ ಸೀದಾ ತೋಟಕ್ಕೆ ಹೋದರು. ಉದುರಿದ ಹಸಿ ಅಡಿಕೆಯನ್ನು ಅವಳ ಕೈಯಲ್ಲಿಟ್ಟು, ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ, ಅದರ ಮೇಲೆ ಬಿಳಿ ಬೂಸ್ಟು ಇದ್ದರೆ ಅದು ಕೊಳೆ ರೋಗ ಅಂತ ತಮ್ಮನಿಗೆ ತೋರಿಸುತ್ತಾ ಅವಳಿಗೂ ಹೇಳಿಕೊಟ್ಟರು. ಆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವುದನ್ನೂ ಕಲಿಸಿದರು: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿಯೇ ಸೇರಿಸಬೇಕು. ಹೊಳೆಯುವ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಸುಣ್ಣ ಕಡಿಮೆ ಅಂತ ಲೆಕ್ಕ.

ತೋಟ ಅಂದರೆ ಜಿಗಣೆ ಅಂತ ಓಡುತ್ತಿದ್ದವಳು ಚಾಕು ಅದ್ದಿ ನೋಡಲು ತಾನೇ ಮುಂದೆ ಬಂದಳು, ಇದು ನನಗೆ ತುಂಬಾ ಖುಷಿ ಕೊಟ್ಟಿತು. ತೋಟದ ಕೆಳಗಿನ ತುದಿಯಲ್ಲಿ ಮಾತ್ರ ನೆಟ್‌ವರ್ಕ್ ಸಿಗೋದಿಲ್ಲ. ಅಲ್ಲಿಯದನ್ನು ವಿಡಿಯೋ ಮಾಡಿಟ್ಟು ಆಮೇಲೆ ಕಳಿಸೋದು ಹೇಗೆ ಅಂತ ಈ ವಾರದ ಪಾಠ.