ಅಪ್ಪನ ಬಟ್ಟಲಿನ ಲೆಕ್ಕ

ಫೆಬ್ರುವರಿ 16, 2025, ಭಾನುವಾರ

ಬೆಳಿಗ್ಗೆ ಅಪ್ಪನ ತೂಕ ನೋಡಿದೆ. 47.1 ಕಿಲೋ. ಕಳೆದ ಭಾನುವಾರ 46.8 ಇತ್ತು. ಮುನ್ನೂರು ಗ್ರಾಂ ಎಂಬುದು ಒಂದು ದೊಡ್ಡ ಲೋಟ ನೀರಿನಷ್ಟೇ ತೂಕವಾದ್ದರಿಂದ ಇದನ್ನು ಚೇತರಿಕೆ ಎಂದು ಬರೆದುಕೊಳ್ಳಲು ನನಗೆ ಧೈರ್ಯವಿಲ್ಲ. ಆದರೆ ಫ್ಲೂ ಬಂದ ಮೇಲೆ ತೂಕ ಇಳಿಯದೆ ಉಳಿದ ಮೊದಲ ವಾರ ಇದು. ಪಾದಗಳಲ್ಲಿ ನೀರು ತುಂಬಿಕೊಂಡು ತೂಕ ಏರಿದೆಯೇ ಎಂದು ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಗುಳಿ ಬೀಳಲಿಲ್ಲ.

ನಾಳೆಯಿಂದ ಹತ್ತು ದಿನ ಅಪ್ಪನನ್ನು ತಮ್ಮ ನೋಡಿಕೊಳ್ಳುತ್ತಾನೆ. ಅವನಿಗೆ ಬಾಯಿಮಾತಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಎಂಬ ಕಾರಣಕ್ಕೆ, ಈ ನಾಲ್ಕು ವಾರಗಳಲ್ಲಿ ನಡೆದದ್ದನ್ನು, ನಾನು ಮಾಡಿದ ತಪ್ಪನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ಅಪ್ಪನಿಗೆ 82 ವರ್ಷ. ಡಿಸೆಂಬರಿನಲ್ಲಿ 50 ಕಿಲೋ ಇದ್ದರು. ಜನವರಿ 20ರಂದು ಜ್ವರ ಬಂತು, ಆರನೆಯ ದಿನ ಬಿಟ್ಟಿತು. ಜ್ವರ ಬಿಟ್ಟ ಮೇಲೆ ಹಸಿವು ತಾನಾಗಿ ಮರಳುತ್ತದೆ, ಅಲ್ಲಿಯವರೆಗೆ ಹೊಟ್ಟೆಗೆ ಹಗುರವಾದುದನ್ನು ಕೊಟ್ಟರೆ ಸಾಕು ಎಂದು ನಾನು ನಂಬಿದ್ದೆ. ದಿನಕ್ಕೆ ನಾಲ್ಕು ಬಟ್ಟಲು ತಿಳಿಗಂಜಿ, ಎರಡು ಲೋಟ ಚಹಾ, ಅದರೊಂದಿಗೆ ನಾಲ್ಕು ಬಿಸ್ಕತ್ತು, ಅರ್ಧ ಬಾಳೆಹಣ್ಣು. ಪ್ರತಿ ಸಲವೂ ಬಟ್ಟಲು ಖಾಲಿಯಾಗುತ್ತಿದ್ದುದರಿಂದ ಅಪ್ಪ ಊಟ ಮಾಡುತ್ತಿದ್ದಾರೆ ಎಂಬ ಸಮಾಧಾನ ನನಗಿತ್ತು. ಫೆಬ್ರುವರಿ 3ರಂದು ಶೌಚಾಲಯದಿಂದ ಹೊರಬರುವಾಗ ಅವರು ಗೋಡೆ ಹಿಡಿದು ನಿಂತುಬಿಟ್ಟರು, ಮುಂದೆ ಹೆಜ್ಜೆ ಇಡಲು ಆಗಲಿಲ್ಲ. ಆ ದಿನವೇ ವೈದ್ಯರಲ್ಲಿಗೆ ಕರೆದೊಯ್ದೆ. ತೂಕ 47 ಕಿಲೋಗೆ ಇಳಿದಿತ್ತು. ನೂರಕ್ಕೆ ಆರು ಪಾಲು, ಅದೂ ಎರಡು ತಿಂಗಳೊಳಗೆ. ಆರು ತಿಂಗಳಲ್ಲಿ ನೂರಕ್ಕೆ ಐದು ಪಾಲು ತಾನಾಗಿ ಇಳಿದರೂ ಅದನ್ನು ಎಚ್ಚರಿಕೆಯೆಂದೇ ತಿಳಿಯಬೇಕಂತೆ.

ಅಲ್ಲಿದ್ದ ಆಹಾರತಜ್ಞೆ ನನ್ನ ಬಾಯಿಂದಲೇ ಅಪ್ಪನ ಒಂದು ದಿನದ ಊಟವನ್ನು ಹೇಳಿಸಿ, ಪಕ್ಕದಲ್ಲಿ ಅಂಕಿ ಬರೆಯುತ್ತಾ ಹೋದರು. ಇಪ್ಪತ್ತು ಗ್ರಾಂ ಅಕ್ಕಿಯನ್ನು ಒಂದು ಬಟ್ಟಲು ನೀರಿನಲ್ಲಿ ಬೇಯಿಸಿದ ತಿಳಿಗಂಜಿಯಲ್ಲಿ ಸುಮಾರು 70 ಕ್ಯಾಲೊರಿ, ಒಂದೂವರೆ ಗ್ರಾಂ ಪ್ರೋಟೀನ್. ಎಲ್ಲವನ್ನೂ ಕೂಡಿಸಿದಾಗ ಇಡೀ ದಿನಕ್ಕೆ 550 ಕ್ಯಾಲೊರಿಯೂ ಇರಲಿಲ್ಲ, ಪ್ರೋಟೀನ್ ಹನ್ನೆರಡು ಗ್ರಾಮಿನ ಆಸುಪಾಸು. ಕಾಯಿಲೆಯಿಂದ ಎದ್ದ ವೃದ್ಧರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 30 ಕ್ಯಾಲೊರಿ ಮತ್ತು ಕನಿಷ್ಠ 1.2 ಗ್ರಾಂ ಪ್ರೋಟೀನ್ ಬೇಕೆಂಬ ಲೆಕ್ಕದಲ್ಲಿ ಅಪ್ಪನಿಗೆ ಬೇಕಾದದ್ದು 1,400 ಕ್ಯಾಲೊರಿ, 56 ಗ್ರಾಂ ಪ್ರೋಟೀನ್. ನಾನು ಹತ್ತು ದಿನ ಅವರ ಹೊಟ್ಟೆಯನ್ನು ನೀರಿನಿಂದ ತುಂಬಿಸಿದ್ದೆ. ಖಾಲಿ ಬಟ್ಟಲನ್ನು ನೋಡಿ ನೆಮ್ಮದಿಪಟ್ಟ ಆ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಸಿವಿಗಾಗಿ ಕಾಯುವುದೇ ತಪ್ಪು ಎಂದು ಆಹಾರತಜ್ಞೆ ಹೇಳಿದ ಮಾತು ನನಗೆ ಮುಖ್ಯವಾಗಿ ತೋರಿತು. ಸೋಂಕಿನ ವಿರುದ್ಧ ದೇಹ ಹೊರಡಿಸುವ ಉರಿಯೂತದ ರಾಸಾಯನಿಕಗಳು ಮೆದುಳಿನಲ್ಲಿ ಹಸಿವನ್ನು ಅಡಗಿಸುತ್ತವೆ, ಆ ಪರಿಣಾಮ ಜ್ವರ ಬಿಟ್ಟ ಮೇಲೂ ಕೆಲವು ಕಾಲ ಉಳಿಯಬಹುದು. ವಾಸನೆ ಮಂದವಾಗಿ ರುಚಿ ತಿಳಿಯುವುದಿಲ್ಲ. ವಯಸ್ಸಾದವರ ಜಠರ ನಿಧಾನವಾಗಿ ಖಾಲಿಯಾಗುವುದರಿಂದ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಹರೆಯದವರಲ್ಲಿ ಕಾಯಿಲೆಯ ನಂತರ ಹಸಿವು ಹೆಚ್ಚಾಗಿ, ಕಳೆದುಕೊಂಡ ತೂಕವನ್ನು ದೇಹವೇ ಕೇಳಿ ಪಡೆಯುತ್ತದೆ. ವೃದ್ಧರಲ್ಲಿ ಹಾಗೆ ಕೇಳುವ ಶಕ್ತಿ ಕುಂದಿರುತ್ತದೆ. ಇತ್ತ ಹಾಸಿಗೆಯಲ್ಲಿ ಮಲಗಿದ ಒಂದೊಂದು ದಿನವೂ ಕಾಲಿನ ಸ್ನಾಯು ಕರಗುತ್ತಿರುತ್ತದೆ. ಆದ್ದರಿಂದ ಅಪ್ಪ ತಿನ್ನುವ ಪ್ರಮಾಣವನ್ನು ಹೆಚ್ಚಿಸಲು ಹೆಣಗುವುದನ್ನು ಬಿಟ್ಟು, ಅವರು ಹೇಗೂ ತಿನ್ನುವ ಆ ನಾಲ್ಕು ತುತ್ತಿನೊಳಗೆ ಏನಿರಬೇಕೆಂಬುದನ್ನು ಬದಲಿಸಬೇಕಾಗಿತ್ತು.

ಅದಕ್ಕೂ ಮೊದಲು ವೈದ್ಯರು ಮಾಡಿದ ಎರಡು ಕೆಲಸಗಳನ್ನು ಹೇಳಬೇಕು. ಬಾಯಿ ತೆರೆಸಿ ನೋಡಿದಾಗ ನಾಲಿಗೆಯ ಬದಿಯಲ್ಲೂ ಕೆನ್ನೆಯ ಒಳಗೂ ಮೊಸರು ಮೆತ್ತಿದಂತೆ ಬಿಳಿ ಕಲೆಗಳಿದ್ದವು. ಎದೆಯ ಕಫಕ್ಕಾಗಿ ಕೊಟ್ಟಿದ್ದ ಆಂಟಿಬಯೋಟಿಕ್ ನಂತರ ಬಂದ ಶಿಲೀಂಧ್ರ ಸೋಂಕು ಅದು. ಊಟ ಬೇಡವೆನ್ನುವಾಗ ಬಾಯಿ ಉರಿಯುತ್ತದೆ ಎಂದು ಅಪ್ಪ ಒಮ್ಮೆಯೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬಾಯಿಗೆ ಹಾಕುವ ಔಷಧಿಯಿಂದ ಐದಾರು ದಿನಗಳಲ್ಲಿ ಉರಿ ಇಳಿಯಿತು. ಇನ್ನೊಂದು, ರಕ್ತ ಪರೀಕ್ಷೆ. ಹಲವು ದಿನ ತೀರಾ ಕಡಿಮೆ ತಿಂದವರಿಗೆ ಒಮ್ಮೆಲೇ ಹೆಚ್ಚು ಆಹಾರ ಕೊಟ್ಟರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯಕ್ಕೇ ಅಪಾಯವಾಗಬಹುದಂತೆ. ಅಪ್ಪನ ಅಂಕಿಗಳು ಸರಿಯಿದ್ದರೂ ಮೊದಲ ವಾರ ಸ್ವಲ್ಪ ಸ್ವಲ್ಪವಾಗಿಯೇ ಏರಿಸಬೇಕೆಂದು ಹೇಳಿದರು. ಅಪ್ಪನಿಗೆ ಸಕ್ಕರೆ ಕಾಯಿಲೆಯಿಲ್ಲ, ಮೂತ್ರಪಿಂಡವೂ ಚೆನ್ನಾಗಿದೆ. ಅವುಗಳಲ್ಲಿ ಯಾವುದೊಂದು ಇದ್ದಿದ್ದರೂ ಕೆಳಗಿನ ಲೆಕ್ಕ ಬೇರೆಯಾಗುತ್ತಿತ್ತು.

ಈಗ ಮನೆಯ ಎಲ್ಲಕ್ಕೂ ಆಧಾರ ಒಂದು ಪಾತ್ರೆ ಹಾಲು. ಕೆನೆ ತೆಗೆಯದ ಅರ್ಧ ಲೀಟರ್ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿಯನ್ನು 50 ಗ್ರಾಂ ಸೇರಿಸುತ್ತೇನೆ. ಹಾಲಿನ ಪ್ರಮಾಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಆದರೆ ಪ್ರೋಟೀನ್ 17 ಗ್ರಾಮಿನಿಂದ 34 ಗ್ರಾಮಿಗೆ ಏರುತ್ತದೆ. ಪುಡಿಯನ್ನು ನೇರವಾಗಿ ಬಿಸಿ ಹಾಲಿಗೆ ಸುರಿದರೆ ಗಂಟು ಕಟ್ಟುತ್ತದೆ. ಮೊದಲು ನಾಲ್ಕು ಚಮಚ ತಣ್ಣನೆಯ ಹಾಲಿನಲ್ಲಿ ಕಲಸಿ ನುಣ್ಣಗೆ ಮಾಡಿಕೊಂಡು, ಆಮೇಲೆ ಉಳಿದ ಹಾಲನ್ನು ಬೆರೆಸಬೇಕು. ಬಿಸಿಮಾಡುವಾಗ ಬೇಗ ತಳ ಹಿಡಿಯುವುದರಿಂದ ಉರಿ ಸಣ್ಣದಿರಲಿ, ಕೈ ಬಿಡದೆ ತಿರುವುತ್ತಿರಬೇಕು. ಮಾಡಿದ ಕೂಡಲೇ ತಣಿಸಿ ಫ್ರಿಜ್ಜಿನಲ್ಲಿಟ್ಟು, ಅಂದಿನದನ್ನು ಅಂದೇ ಮುಗಿಸುತ್ತೇನೆ.

ಗಂಜಿಯನ್ನು ಬಿಟ್ಟಿಲ್ಲ, ಏಕೆಂದರೆ ಅಪ್ಪ ಇಷ್ಟಪಟ್ಟು ನುಂಗುವುದು ಅದನ್ನೇ. 25 ಗ್ರಾಂ ಅಕ್ಕಿಯನ್ನು ಕಡಿಮೆ ನೀರಿನಲ್ಲಿ ಮೆತ್ತಗೆ ಬೇಯಿಸಿ, ಈ ಹಾಲನ್ನು 100 ಮಿಲಿಲೀಟರ್ ಹಾಕಿ, ಒಂದು ಟೀ ಚಮಚ ಬೆಣ್ಣೆ ಬೆರೆಸುತ್ತೇನೆ. ಹಳೆಯ ಬಟ್ಟಲಿಗಿಂತ ಚಿಕ್ಕ ಬಟ್ಟಲು, ಆದರೆ 70 ಕ್ಯಾಲೊರಿಯ ಜಾಗದಲ್ಲಿ ಸುಮಾರು 225, ಒಂದೂವರೆ ಗ್ರಾಂ ಪ್ರೋಟೀನಿನ ಜಾಗದಲ್ಲಿ ಎಂಟು ಗ್ರಾಮಿಗಿಂತ ಹೆಚ್ಚು. ದಿನಕ್ಕೆ ಇಂಥವು ಮೂರು. ಮಧ್ಯಾಹ್ನದ ಬಟ್ಟಲಿಗೆ ಒಂದು ಮೊಟ್ಟೆಯನ್ನು ಕಡೆದು ಸೇರಿಸಿ ಪೂರ್ತಿ ಬೇಯಿಸುತ್ತೇನೆ. ಅರೆಬೆಂದ ಮೊಟ್ಟೆ ಈ ಸ್ಥಿತಿಯವರಿಗೆ ಸಲ್ಲದು. ಸಂಜೆ ಇನ್ನೊಂದು ಮೊಟ್ಟೆಯನ್ನು ಬೇಯಿಸಿ ಹಿಚುಕಿ ಕೊಡುತ್ತೇನೆ.

ಮೊದಲ ದಿನದ ಉತ್ಸಾಹದಲ್ಲಿ ಒಂದು ಚಮಚ ಬೆಣ್ಣೆಯ ಬದಲು ಮೂರು ಚಮಚ ಹಾಕಿದ್ದೆ. ಕಾಗದದ ಮೇಲಿನ ಲೆಕ್ಕ ಸೊಗಸಾಗಿತ್ತು. ಅಪ್ಪನಿಗೆ ಮಾತ್ರ ಹೊಟ್ಟೆ ತೊಳಸಿ, ಮುಂದಿನ ಎರಡು ಹೊತ್ತು ಬಾಯಿಯನ್ನೇ ತೆರೆಯಲಿಲ್ಲ. ಕೊಬ್ಬು ಜಠರವನ್ನು ಇನ್ನಷ್ಟು ನಿಧಾನಗೊಳಿಸುತ್ತದೆ, ಹಾಗಾಗಿ ಒಂದು ಹೊತ್ತಿನಲ್ಲಿ ಗಳಿಸಿದ್ದನ್ನು ಎರಡು ಹೊತ್ತಿನಲ್ಲಿ ಕಳೆದುಕೊಂಡೆ. ತಮ್ಮನೂ ಇದೇ ತಪ್ಪು ಮಾಡುವ ಸಾಧ್ಯತೆಯಿದೆ. ಅವನಿಗೆ ಅಪ್ಪನ ಮೇಲೆ ನನಗಿಂತ ಹೆಚ್ಚು ಅವಸರದ ಪ್ರೀತಿ.

ಹೊತ್ತುಗಳು ಏಳು: ಬೆಳಿಗ್ಗೆ ಏಳು, ಒಂಬತ್ತೂವರೆ, ಹನ್ನೆರಡು, ಎರಡೂವರೆ, ಐದು, ಏಳೂವರೆ, ಮಲಗುವ ಮುನ್ನ ಒಂಬತ್ತೂವರೆ. ಮೂರು ಹೊತ್ತು ಗಂಜಿ, ಉಳಿದವು ಚಿಕ್ಕವು: ಅರ್ಧ ಲೋಟ ಹಾಲು, ಮೊಟ್ಟೆ, ಗಟ್ಟಿ ಮೊಸರು, ಹಾಲಿನಲ್ಲಿ ನೆನೆಸಿದ ಬ್ರೆಡ್, ಹಿಚುಕಿದ ಬಾಳೆಹಣ್ಣು. ಕೊನೆಯ ಅರ್ಧ ಲೋಟ ಹಾಲನ್ನು ನಾನು ಹಟದಿಂದ ಉಳಿಸಿಕೊಂಡಿದ್ದೇನೆ, ಏಕೆಂದರೆ ಅದಿಲ್ಲದಿದ್ದರೆ ಸಂಜೆಯಿಂದ ಬೆಳಗಿನವರೆಗೆ ಹನ್ನೊಂದೂವರೆ ಗಂಟೆ ಬರಿಹೊಟ್ಟೆಯಾಗುತ್ತದೆ. ನೀರು ಮತ್ತು ಚಹಾವನ್ನು ಊಟಕ್ಕೆ ಮುಂಚೆ ಕೊಡುವುದಿಲ್ಲ. ಊಟವಾಗಿ ಅರ್ಧ ಗಂಟೆ ಕಳೆದ ಮೇಲೆ ಕೊಡುತ್ತೇನೆ, ದಿನದ ಒಟ್ಟು ನೀರು ಕಡಿಮೆಯಾಗದಂತೆ ಮೂತ್ರದ ಬಣ್ಣವನ್ನು ಗಮನಿಸುತ್ತೇನೆ. ತಿನ್ನುವಾಗಲೂ ತಿಂದ ಅರ್ಧ ಗಂಟೆಯವರೆಗೂ ಅಪ್ಪ ನೇರವಾಗಿ ಕುಳಿತಿರಬೇಕು.

ಪುಸ್ತಕದಲ್ಲಿ ಬರೆಯುವುದು ಬಡಿಸಿದ್ದನ್ನಲ್ಲ, ತಿಂದದ್ದನ್ನು: ಪೂರ್ತಿ, ಮುಕ್ಕಾಲು, ಅರ್ಧ, ಕಾಲು. ಈ ವಾರದ ಪುಟಗಳನ್ನು ಕೂಡಿಸಿದರೆ ಬಡಿಸಿದ್ದರಲ್ಲಿ ಐದನೆಯ ಒಂದು ಪಾಲು ಉಳಿದಿದೆ, ಅಂದರೆ ದಿನಕ್ಕೆ ಸುಮಾರು 1,100 ಕ್ಯಾಲೊರಿ, 48 ಗ್ರಾಂ ಪ್ರೋಟೀನ್ ಹೊಟ್ಟೆ ಸೇರಿದೆ. ಬೇಕಾದಷ್ಟು ಇನ್ನೂ ಆಗಿಲ್ಲ. ಎರಡೂವರೆಯ ಹೊತ್ತು ಪ್ರತಿದಿನವೂ "ಕಾಲು" ಎಂದೇ ಇರುವುದನ್ನು ಪುಟ ತಿರುವಿದ ಮೇಲೆಯೇ ಗಮನಿಸಿದೆ. ಅದು ಅವರ ನಿದ್ದೆಯ ಸಮಯ. ನಾಳೆಯಿಂದ ಅದನ್ನು ಮೂರೂಕಾಲಿಗೆ ಸರಿಸಿ, ಐದರದ್ದನ್ನು ಐದೂವರೆಗೆ ಮಾಡಲು ತಮ್ಮನಿಗೆ ಹೇಳಿದ್ದೇನೆ. "ಒಂದೇ ತುತ್ತು, ಅಪ್ಪಾ" ಎಂದು ಒತ್ತಾಯಿಸುವುದನ್ನೂ ಬಿಟ್ಟಿದ್ದೇನೆ. ಒತ್ತಾಯದ ತುತ್ತು ಒಂದು ಒಳಗೆ ಹೋಗುತ್ತದೆ, ಮುಂದಿನ ಸಲ ಬಟ್ಟಲು ಕಂಡೊಡನೆ ಮುಖ ತಿರುಗುತ್ತದೆ.

ತಿಂದ ಪ್ರೋಟೀನ್ ಸ್ನಾಯುವಾಗಬೇಕಾದರೆ ಕಾಲಿಗೆ ಕೆಲಸ ಬೇಕು. ಕೈಗಳಿರುವ ಗಟ್ಟಿ ಕುರ್ಚಿಯಿಂದ ಏಳುವುದು, ನಿಧಾನವಾಗಿ ಕುಳಿತುಕೊಳ್ಳುವುದು, ಇಷ್ಟೇ. ಫೆಬ್ರುವರಿ 6ರಂದು ಎರಡು ಸಲಕ್ಕೆ ಏದುಸಿರು ಬಂದಿತ್ತು. ಇಂದು ಬೆಳಿಗ್ಗೆ ಐದು, ಸಂಜೆ ನಾಲ್ಕು. ನಾನು ಪಕ್ಕದಲ್ಲೇ ನಿಂತಿರುತ್ತೇನೆ; ಅವರು ಒಬ್ಬರೇ ಮಾಡಕೂಡದು.

ತಮ್ಮನಿಗಾಗಿ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ. ಬಿಟ್ಟಿದ್ದ ಜ್ವರ ಮತ್ತೆ ಬಂದರೆ, ಉಸಿರು ವೇಗವಾದರೆ, ಮಾತು ಗೊಂದಲವಾದರೆ ಅಥವಾ ಎಬ್ಬಿಸಿದರೂ ಮಂಪರು ಬಿಡದಿದ್ದರೆ, ನೀರನ್ನೂ ನಿರಾಕರಿಸಿದರೆ, ನುಂಗುವಾಗ ಕೆಮ್ಮು ಬಂದು ಧ್ವನಿ ಗೊರಗೊರ ಎಂದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ವೈದ್ಯರನ್ನು ಕಾಣಬೇಕು. ಮುಂದಿನ ಭಾನುವಾರ ಬೆಳಿಗ್ಗೆ, ಇಂದು ನೋಡಿದ ಹೊತ್ತಿಗೇ, ಇದೇ ಯಂತ್ರದಲ್ಲಿ, ಶೌಚ ಮುಗಿಸಿದ ಮೇಲೆ ಏನನ್ನೂ ತಿನ್ನುವ ಮುನ್ನ ತೂಕ ನೋಡಬೇಕು, 46.5ಕ್ಕಿಂತ ಕೆಳಗಿದ್ದರೆ ಆಹಾರತಜ್ಞೆಗೆ ಕರೆ ಮಾಡಬೇಕು.

ಒಂಬತ್ತೂವರೆಯ ಹಾಲು ಕೊಟ್ಟು ಬಂದೆ. ಸಪ್ಪೆ ಎಂದರು. ಮೂರು ವಾರದಿಂದ ರುಚಿಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅರ್ಧ ಚಮಚ ಸಕ್ಕರೆ ಹಾಕಿ ಕೊಟ್ಟೆ. ಪುಸ್ತಕದಲ್ಲಿ "ಪೂರ್ತಿ" ಎಂದು ಬರೆದಿದ್ದೇನೆ.