ಎರಡು ಸ್ಟ್ರಿಪ್ ಮಾತ್ರೆ, ಹತ್ತೊಂಬತ್ತು ದಿನ

ಸೇಡಂ, ವಾಡಿ ಕಡೆಯ ಸಿಮೆಂಟ್ ಫ್ಯಾಕ್ಟರಿಗಳಲ್ಲಿ ಪಳಗಿದ ಹುಡುಗರನ್ನು ಫ್ಯಾಕ್ಟರಿ ನಿಲ್ಲಿಸಿ ಮಾಡುವ ರಿಪೇರಿಗೆ, ಅಂದರೆ ಶಟ್‌ಡೌನ್ ಕೆಲಸಕ್ಕೆ ಗಲ್ಫ್‌ಗೆ ಕಳಿಸುವುದು ನಮ್ಮ ಕಂಪನಿಯ ದಂಧೆ. ಕಲಬುರಗಿ ಆಫೀಸಿನಲ್ಲಿ ಕೂತು ವೀಸಾ, ಮೆಡಿಕಲ್, ಗೇಟ್ ಪಾಸ್, ಟೂಲ್ ಲಿಸ್ಟ್ ನೋಡಿಕೊಳ್ಳುವವನು ನಾನು. ನಮ್ಮ ಮೊಬಿಲೈಸೇಶನ್ ಚೆಕ್‌ಲಿಸ್ಟ್‌ನಲ್ಲಿ 41 ಸಾಲು ಇವೆ. ಸೇಫ್ಟಿ ಶೂ ಸೈಜಿಗೂ ಒಂದು ಸಾಲು ಇದೆ.

ಅವತ್ತು ಶುಕ್ರವಾರ. ಒಬ್ಬ ಇಂಜಿನಿಯರ್, ಐದು ಜನ ಫಿಟ್ಟರ್ ಹೈದರಾಬಾದ್‌ನಿಂದ ದುಬೈಗೆ ಹೋಗಿದ್ದರು. ಅಲ್ಲಿಂದ ರಾಸ್ ಅಲ್ ಖೈಮಾಗೆ ಹೋಗಬೇಕಿತ್ತು. ರಾತ್ರಿ ಒಬ್ಬ ಫಿಟ್ಟರ್ ಫೋನ್ ಮಾಡಿದ. "ಸಾಹೇಬ್ರ, ನಮ್ ಇಂಜಿನಿಯರ್ ಸಾಹೇಬ್ರನ್ನ ಕಸ್ಟಮ್ಸ್‌ನವರು ಒಳಗ ಕರ್ಕೊಂಡು ಹೋಗ್ಯಾರ. ಬ್ಯಾಗ್‌ನಾಗ ಏನೋ ಮಾತ್ರಿ ಸಿಕ್ಕಾವಂತ."

"ಏನೂ ಆಗಲ್ರಿ, ಬಿಡ್ತಾರ. ನೀವು ಗಾಡಿ ಹತ್ರಿ" ಅಂದೆ. ಊಟ ಮಾಡಿ ಮಲಗಿದೆ. ನಿದ್ದೆಯೂ ಚೆನ್ನಾಗಿಯೇ ಬಂತು. ಅದನ್ನು ನೆನೆಸಿಕೊಂಡರೆ ಈಗ ನಾಚಿಕೆ ಆಗುತ್ತದೆ.

ಶನಿವಾರ ಬೆಳಿಗ್ಗೆ +971 ನಂಬರ್‌ನಿಂದ ಆ ಇಂಜಿನಿಯರ್ ಹುಡುಗನದೇ ಫೋನ್. ಎರಡು ನಿಮಿಷ ಅಷ್ಟೇ ಅಂದ. ಬೆನ್ನುನೋವಿನ ಮಾತ್ರೆ, ಎರಡು ಸ್ಟ್ರಿಪ್. ಅದರಲ್ಲಿ ಟ್ರಮಡಾಲ್ ಇದೆ, ಅಲ್ಲಿ ನಿರ್ಬಂಧ ಇರುವ ನೋವಿನ ಔಷಧಿ. ಮೂತ್ರ ಪರೀಕ್ಷೆ ಮಾಡಿಸಿದ್ದಾರೆ, ಪೊಲೀಸರ ಹತ್ತಿರ ಇದ್ದೇನೆ ಅಂದ. ಆಗ ನಾನು ಕೇಳಿದ್ದೇನು ಗೊತ್ತಾ? "ಹಾರ್ಟ್ ಕಮ್ಯುನಿಕೇಟರ್ ಯಾರ ಬ್ಯಾಗ್‌ನಾಗ ಅದ?" ಅದು ಫ್ಯಾಕ್ಟರಿಯ ಮೀಟರ್‌ಗಳನ್ನು ಪರೀಕ್ಷಿಸುವ ಉಪಕರಣ. ಸೋಮವಾರ ಆ ಪರೀಕ್ಷೆ, ಲೂಪ್ ಚೆಕ್, ಶುರುವಾಗಬೇಕಿತ್ತು, ತಲೆಯಲ್ಲಿ ಅದೇ ಓಡುತ್ತಿತ್ತು. ಅವನು ಒಂದು ಕ್ಷಣ ಸುಮ್ಮನಾದ. "ಅದು ನನ್ ಬ್ಯಾಗ್‌ನಾಗೇ ಅದ ಸರ್. ಇವರು ಅರಬ್ಬಿ ಕಾಗದಕ್ಕ ಸಹಿ..." ಅನ್ನುವಷ್ಟರಲ್ಲಿ ಲೈನ್ ಕಟ್.

ಯಾವ ಠಾಣೆ? ಕೇಸ್ ನಂಬರ್ ಏನು? ಸಹಿ ಮಾಡುವಾಗ ಅನುವಾದಕ ಇದ್ದನಾ? ಭಾರತದ ಕಾನ್ಸುಲೇಟ್‌ಗೆ ತಿಳಿಸಿ ಅಂತ ಕೇಳಿಕೊಂಡಿದ್ದಾನಾ? ಒಂದನ್ನೂ ನಾನು ಕೇಳಿರಲಿಲ್ಲ. ಕೊನೆಯದಂತೂ ದೊಡ್ಡ ವಿಷಯ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಪ್ರಕಾರ, ಹಿಡಿದವರು ಆ ಹಕ್ಕು ಇದೆ ಅಂತ ಅವನಿಗೆ ಹೇಳಬೇಕು. ಅವನು ಬೇಕು ಅಂದರೆ ತಡಮಾಡದೆ ಕಾನ್ಸುಲೇಟ್‌ಗೆ ತಿಳಿಸಬೇಕು. ಆದರೆ 'ಬೇಕು' ಅನ್ನಬೇಕಾದವನು ಅವನೇ. ಗಾಬರಿಯಲ್ಲಿದ್ದವನಿಗೆ ಇದು ಎಲ್ಲಿ ಹೊಳೆಯಬೇಕು? ನಾನಾದರೂ ಹೇಳಬಹುದಿತ್ತು.

ಎಂಡಿಗೆ ಫೋನ್ ಮಾಡಿದೆ. "ಕ್ಲೈಂಟ್‌ಗೆ ಗೊತ್ತಾಗೋದು ಬ್ಯಾಡ. ಮನಿಯವ್ರಿಗೂ ಸೋಮವಾರ ಹೇಳೋಣ, ಅಷ್ಟ್ರಾಗ ಬಿಡ್ತಾರ" ಅಂದರು. ನಾನೂ ಹೂಂ ಅಂದೆ. ಅಲ್ಲಿ ಪೊಲೀಸರು 48 ಗಂಟೆಯೊಳಗೆ ಆರೋಪಿಯನ್ನು ಪಬ್ಲಿಕ್ ಪ್ರಾಸಿಕ್ಯೂಶನ್ ಮುಂದೆ ಒಪ್ಪಿಸಬೇಕು. ಇನ್ನೂ ಒಳಗೆ ಇಡಬೇಕೋ ಬೇಡವೋ ಅಂತ ನಿರ್ಧರಿಸುವುದು ಆ ಪ್ರಾಸಿಕ್ಯೂಟರ್. ಅಂದರೆ ನಾವು 'ಸೋಮವಾರ ನೋಡೋಣ' ಅಂದಿದ್ದು, ಆ ಹುಡುಗ ಒಬ್ಬನೇ ಪ್ರಾಸಿಕ್ಯೂಟರ್ ಮುಂದೆ ನಿಲ್ಲಲಿ ಅಂದಂಗೇ ಆಯಿತು.

ಗುಟ್ಟು ಸಂಜೆವರೆಗೂ ಉಳಿಯಲಿಲ್ಲ. ಫಿಟ್ಟರ್ ತನ್ನ ಹೆಂಡತಿಗೆ ಹೇಳಿದ್ದ. ಹುಡುಗನ ಅಣ್ಣ ಸೇಡಂನಿಂದ ಬೈಕ್ ಹೊಡೆದುಕೊಂಡು ಆಫೀಸಿಗೆ ಬಂದರು. ಬೈಯಲಿಲ್ಲ. "ಈಗ ಏನ್ ಮಾಡಬೇಕ್ರಿ ಸರ್?" ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ದುಬೈ ಕಾನ್ಸುಲೇಟ್‌ಗೆ ನಾನು ಮೊದಲು ಬರೆದ ಮೇಲ್‌ನಲ್ಲಿ ಕಂಪನಿಯ ಪರಿಚಯವೇ ಎರಡು ಪ್ಯಾರಾ ಇತ್ತು. ಪಾಸ್‌ಪೋರ್ಟ್ ನಂಬರ್ ಇರಲಿಲ್ಲ! ಉತ್ತರದಲ್ಲಿ ಅದನ್ನೇ ಕೇಳಿದರು. ಎರಡನೇ ಮೇಲ್ ಅಣ್ಣನ ಹೆಸರಲ್ಲೇ ಹೋಯಿತು: ಪಾಸ್‌ಪೋರ್ಟ್‌ನಲ್ಲಿದ್ದಂತೆ ಹೆಸರು, ನಂಬರ್, ಫ್ಲೈಟ್, ಇಳಿದ ಹೊತ್ತು, ಕೊನೆಯ ಫೋನ್ ಬಂದ ನಂಬರ್, ಅಣ್ಣನ ಮೊಬೈಲ್. ಆರೇ ಸಾಲು. ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲೂ ದೂರು ಹಾಕಿದೆವು. ಅವನು ಎಲ್ಲಿದ್ದಾನೆ ಅಂತ ಕಾನ್ಸುಲೇಟ್‌ನವರು ಸೋಮವಾರ ತಿಳಿಸಿದರು. ಭೇಟಿಗೆ ಅನುಮತಿ ಕೇಳಿ ಪತ್ರ ಬರೆದಿದ್ದೇವೆ ಅಂದರು. ಫೋನಿನಲ್ಲಿ ಮಾತಾಡಿದ ಅಧಿಕಾರಿ ನೇರ ಮನುಷ್ಯ. ನಾವು ಬಿಡಿಸೋಕೆ ಆಗಲ್ಲ, ಕೋರ್ಟಲ್ಲಿ ವಾದ ಮಾಡೋಕೂ ಆಗಲ್ಲ, ವಕೀಲರ ಪಟ್ಟಿ ಕೊಡ್ತೀವಿ ಅಂದರು. ಸಮುದಾಯ ಕಲ್ಯಾಣ ನಿಧಿ ಇದೆ, ಆದರೆ ಅದು ಕೈಯಲ್ಲಿ ಕಾಸಿಲ್ಲದವರಿಗೆ. ಕಂಪನಿ ಕೊಡಲ್ವಾ ಅಂತ ಕೇಳಿದರು. ನಾನು ಎಂಡಿ ಮುಖ ನೋಡಿದೆ. ಎಂಡಿ ಫ್ಯಾನ್ ನೋಡಿದರು.

ಪಟ್ಟಿ ಬರುವಷ್ಟರಲ್ಲಿ ಎಂಡಿ ತಮ್ಮ ಪರಿಚಯದ ಒಬ್ಬರಿಗೆ 5,000 ದಿರ್ಹಂ ಅಡ್ವಾನ್ಸ್ ಕಳಿಸಿಬಿಟ್ಟಿದ್ದರು. ಅವರ ಬೋರ್ಡ್ ಮೇಲೆ 'ಲೀಗಲ್ ಕನ್ಸಲ್ಟೆಂಟ್' ಅಂತ ಇತ್ತು. ಅಲ್ಲಿ ಕನ್ಸಲ್ಟೆಂಟ್ ಬೇರೆ, ಕೋರ್ಟಲ್ಲಿ ನಿಲ್ಲುವ ಲೈಸೆನ್ಸ್ ಇರುವ ಅಡ್ವೊಕೇಟ್ ಬೇರೆ. ಈತ ಸಲಹೆ ಕೊಡಬಹುದು, ಅಷ್ಟೇ. ಆ ದುಡ್ಡು ವಾಪಸ್ ಬರಲಿಲ್ಲ. ಪಟ್ಟಿಯಿಂದ ಮೂವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆವು: ಪ್ರಾಸಿಕ್ಯೂಶನ್ ಮುಂದೆ, ಕೋರ್ಟ್ ಮುಂದೆ ಯಾರು ನಿಲ್ಲುತ್ತಾರೆ, ಅವರ ಹೆಸರು ಹೇಳಿ. ಒಬ್ಬರು ಮಾತ್ರ ನೇರವಾಗಿ ಉತ್ತರ ಕೊಟ್ಟರು. ಹಂತ ಹಂತದ ಫೀಸನ್ನೂ ಬರೆದು ಕಳಿಸಿದರು. ಹುಡುಗನ ಅಪ್ಪ ಇಲ್ಲಿಂದ ವಕಾಲತ್ತಿಗೆ ಸಹಿ ಹಾಕಲು ಪೆನ್ ಹಿಡಿದು ಕೂತಿದ್ದರು. ಅದು ನಡೆಯಲ್ಲ, ವಯಸ್ಸಿಗೆ ಬಂದ ಆರೋಪಿ ತಾನೇ ಕೊಡಬೇಕು ಅಂದರು ವಕೀಲರು. ನೋಟರಿ ಮೂಲಕ ಒಳಗೇ ಅವನ ಸಹಿ ಮಾಡಿಸಲು ನಾಲ್ಕು ದಿನ ಹಿಡಿಯಿತು.

ಈ ನಡುವೆ ನಾನು ಮಾಡಿದ ಇನ್ನೊಂದು ಘನಕಾರ್ಯ ಇದೆ. ಬರೆಯೋದೋ ಬೇಡವೋ ಅಂತ ಯೋಚಿಸಿದೆ. ಮಾತ್ರೆಗೆ ಚೀಟಿ ಬೇಕು ಅಂತ ವಕೀಲರು ಹೇಳಿದ್ದರು. ಹುಡುಗ ಅದನ್ನು ಇಲ್ಲೇ ಒಂದು ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ತಗೊಂಡಿದ್ದ. 2018ರಿಂದ ಟ್ರಮಡಾಲ್ ನಮ್ಮಲ್ಲೂ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯೊಳಗೆ ಬಂದಿದೆ, ಆದರೂ ಕೊಟ್ಟಿದ್ದಾರೆ. ನಾನು ಅಣ್ಣನಿಗೆ, "ಗುರ್ತಿನ ಡಾಕ್ಟರ್ ಕಡೆ ಹಳೇ ತಾರೀಖು ಹಾಕಿ ಬರೆಸ್ಕೊಂಡು ಬರ್ರಿ" ಅಂದೆ. ಅವರು ಬರೆಸಿಕೊಂಡೂ ಬಂದರು. ಸ್ಕ್ಯಾನ್ ಮಾಡಿ ಕಳಿಸಿದೆ. ಹತ್ತೇ ನಿಮಿಷದಲ್ಲಿ ವಕೀಲರ ಫೋನ್. ಚೀಟಿ ಇಲ್ಲದೆ ಅಂಗಡಿಯಲ್ಲಿ ಕೊಂಡೆ ಅಂತ ಅವನು ಮೊದಲ ದಿನವೇ ಹೇಳಿಕೆ ಕೊಟ್ಟು ಸಹಿ ಮಾಡಿದ್ದಾನೆ, ಈಗ ಈ ಚೀಟಿ ಒಳಗೆ ಹೋದರೆ ಸುಳ್ಳು ದಾಖಲೆಯ ಎರಡನೇ ಕೇಸ್ ಆಗುತ್ತೆ ಅಂದರು. ನನ್ನ ಕೈ ತಣ್ಣಗಾಯಿತು.

ಕಾಪಾಡಿದ್ದು ಅವನ ಅವ್ವ. ಟ್ರಂಕ್‌ನಿಂದ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲ ತೆಗೆದರು. ಅದರೊಳಗೆ ಹೈದರಾಬಾದ್ ಆಸ್ಪತ್ರೆಯ ಎಂಆರ್‌ಐ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ. ಹಿಂದಿನ ವರ್ಷದ ಡಿಸ್ಕ್ ಆಪರೇಶನ್‌ದು. ಕೊನೆಯ ಪುಟದಲ್ಲಿ ಅದೇ ಮಾತ್ರೆ, ಐದು ದಿನಕ್ಕೆ. ಅವಧಿ ಮುಗಿದ ಚೀಟಿ, ನಿಜ. ಆದರೆ ಕಾಯಿಲೆ ನಿಜ ಅನ್ನಲು ಸಾಕು ಅಂದರು ವಕೀಲರು. ಮೊದಲು ಸ್ಕ್ಯಾನ್ ಕಳಿಸಿದೆವು, ಅಲ್ಲಿನ ಲೈಸೆನ್ಸ್ ಇರುವ ಅನುವಾದಕರಿಂದ ಅರಬ್ಬಿಗೆ ಮಾಡಿಸಿದರು. ಮೂಲ ಪ್ರತಿ ನೋಟರಿ, ರಾಜ್ಯ ಸರ್ಕಾರ, ವಿದೇಶಾಂಗ ಇಲಾಖೆ, ಯುಎಇ ರಾಯಭಾರ ಕಚೇರಿ ಅಂತ ಸೀಲ್ ಹಾಕಿಸಿಕೊಳ್ಳುತ್ತಾ ಸುತ್ತುತ್ತಿತ್ತು. ಅದು ಮುಗಿಯುವ ಮುಂಚೆಯೇ ಹತ್ತೊಂಬತ್ತನೇ ದಿನ ಹುಡುಗ ಹೊರಗೆ ಬಂದ. ಪ್ರಾಸಿಕ್ಯೂಶನ್ ಹಂತದಲ್ಲೇ ಕೇಸ್ ಮುಗಿಯಿತು. ಎಲ್ಲರಿಗೂ ಹೀಗೇ ಆಗುತ್ತೆ ಅಂತ ಅಂದುಕೊಳ್ಳಬೇಡಿ ಅಂತ ವಕೀಲರು ಎರಡು ಸಲ ಹೇಳಿದರು.

ಇಂಥ ಮಾತ್ರೆಗೆ ಹೊರಡುವ ಮುಂಚೆಯೇ ಅಲ್ಲಿನ ಸರ್ಕಾರದಿಂದ ಆನ್‌ಲೈನ್‌ನಲ್ಲಿ ಅನುಮತಿ ತಗೋಬಹುದಿತ್ತು. ಚೆಕ್‌ಲಿಸ್ಟ್‌ಗೆ 42ನೇ ಸಾಲು ಸೇರಿಸಿ ಅಂತ ಕೇಳಿದ್ದಕ್ಕೆ, ಸಾಫ್ಟ್‌ವೇರ್‌ನವರು ಒಂದು ಸಾಲಿಗೆ ಚಾರ್ಜ್ ಕೇಳ್ತಾರ ಅಂದರು ಎಂಡಿ. ಹಾಗಾಗಿ ನಾನೇ ಪ್ರಿಂಟ್ ತೆಗೆದು ಕೆಳಗೆ ಪೆನ್ನಿನಲ್ಲಿ ಬರೆಯುತ್ತೇನೆ. ಹೊರಡುವವರ ಬ್ಯಾಗ್ ಆಫೀಸಿನ ಟೇಬಲ್ ಮೇಲೆ ಸುರುವಿಸಿ ಒಂದೊಂದೇ ಸ್ಟ್ರಿಪ್ ತಿರುಗಿಸಿ ಓದುತ್ತೇನೆ. ಫಿಟ್ಟರ್‌ಗಳಿಗೆ ಭಾರಿ ನಗು. ಮೊನ್ನೆ ಒಬ್ಬ, "ಸಾಹೇಬ್ರ, ನಮ್ಮವ್ವ ಕೊಟ್ಟ ಶೇಂಗಾ ಹಿಂಡಿಗೂ ಡಾಕ್ಟರ್ ಚೀಟಿ ಬೇಕೇನ್ರಿ?" ಅಂತ ಡಬ್ಬಿ ಮುಂದೆ ಹಿಡಿದ.