ಪ್ರಾಜೆಕ್ಟ್ ಅಂಕಪಟ್ಟಿ, ಮೂರನೇ ಕಂತು: 27, 25, 12

ಕೊನೆಗೂ ಹಿಡಿದೆ! ನಮ್ಮ ಕಾಲೇಜಿನ ವಿದ್ಯಾರ್ಥಿ ಪ್ರಾಜೆಕ್ಟ್‌ಗಳ ಅಂಕಪಟ್ಟಿಯಲ್ಲಿ ಮೂರು ವಾರದಿಂದ ತಲೆ ತಿನ್ನುತ್ತಿದ್ದ ‘ಟೆಸ್ಟಿಂಗ್’ ಕಾಲಂ ನಿನ್ನೆ ಸಂಜೆ ಸರಿಯಾಯಿತು. ಮನೆಗೆ ಬಂದವನೇ ಬರೆಯಲು ಕೂತಿದ್ದೇನೆ.

ಅಂಕಗಳ ಹಂಚಿಕೆ ಹಿಂದಿನ ಕಂತಿನಲ್ಲಿ ಹೇಳಿದಂತೆಯೇ ಇದೆ. ಡಿಸೈನ್‌ಗೆ 30, ಟೆಸ್ಟಿಂಗ್‌ಗೆ 30, ಟೀಮ್‌ವರ್ಕ್‌ಗೆ 20, ದಾಖಲೆಗೆ 20. ತಂಡಗಳು ಹದಿನೈದು. ಕಂಪನಿಗಳಿಂದ ಬಂದ ಮೂವರು ಪರೀಕ್ಷಕರೂ ಎಲ್ಲಾ ತಂಡಗಳನ್ನು ನೋಡುತ್ತಾರೆ. ಈ ಮೂವರನ್ನು ಒಂದೇ ದಿನ ಉಡುಪಿಗೆ ಕರೆಸುವುದೇ ದೊಡ್ಡ ಸಾಹಸ. ಬರುತ್ತೇನೆ ಎಂದಿದ್ದ ಒಬ್ಬರು ಹಿಂದಿನ ರಾತ್ರಿ ಹತ್ತಕ್ಕೆ ಫೋನ್ ಮಾಡಿ ಆಗುವುದಿಲ್ಲ ಎಂದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಪುಣ್ಯಕ್ಕೆ ಬೈಕಂಪಾಡಿಯ ಕೋಲ್ಡ್ ಸ್ಟೋರೇಜ್ ಒಂದರ ಇಂಜಿನಿಯರ್ ಒಪ್ಪಿಕೊಂಡರು.

ಅಂತಿಮ ಪರೀಕ್ಷೆಗೆ ಮೂರು ವಾರ ಮೊದಲು ಇದೇ ಮೂವರಿಂದ ಒಂದು ಪ್ರಯೋಗ ಸುತ್ತು ಮಾಡಿಸಿದೆ. ಅಲ್ಲಿ ಸಿಕ್ಕಿದ್ದೇ ಈ ಗಂಟು. ಮಲ್ಪೆಯ ಮೀನುಗಾರಿಕೆ ಬೋಟಿನ ಐಸ್ ಪೆಟ್ಟಿಗೆಯ ತಾಪಮಾನ ದಾಖಲಿಸುವ ಯಂತ್ರ ಮಾಡಿದ ತಂಡ ಒಂದಿದೆ. ಟೆಸ್ಟಿಂಗ್‌ನಲ್ಲಿ ಅವರಿಗೆ ಬಂದದ್ದು 27, 25 ಮತ್ತು 12. ಸರಾಸರಿ 21.3. ನೋಡಿದರೆ ಒಳ್ಳೆಯ ಅಂಕವೇ. ಆದರೆ ಮೂವರಲ್ಲಿ ಒಬ್ಬರೂ ಅವರಿಗೆ 21 ಕೊಟ್ಟಿಲ್ಲ, ಅಲ್ವಾ?

12 ಕೊಟ್ಟ ಮೇಡಂ ಮಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಟೆಸ್ಟಿಂಗ್ ಕೆಲಸದಲ್ಲಿದ್ದಾರೆ. ಅವರ ಕೈ ಬಿಗಿ ಎಂದುಕೊಂಡೆ. ಲೆಕ್ಕವೂ ಹಾಗೇ ಹೇಳಿತು. ಹದಿನೈದೂ ತಂಡಗಳ ಟೆಸ್ಟಿಂಗ್ ಸರಾಸರಿ ಉಳಿದಿಬ್ಬರದ್ದು 22 ಮತ್ತು 21, ಇವರದ್ದು 18. ಹಾಗಾದರೆ ಪ್ರತಿಯೊಬ್ಬರ ಅಂಕದಿಂದ ಅವರ ಸ್ವಂತ ಸರಾಸರಿ ಕಳೆದು, ಮೂವರ ಒಟ್ಟು ಸರಾಸರಿ ಸೇರಿಸೋಣ ಎಂದುಕೊಂಡು ಮೂವರ ಅಂಕ ಇರುವ B, C, D ಕಾಲಂಗಳ ಪಕ್ಕದಲ್ಲಿ ಹೀಗೆ ಹಾಕಿದೆ:

```
=B2-AVERAGE(B$2:B$16)+AVERAGE($B$2:$D$16)
```

27 ಇದ್ದದ್ದು 25.3 ಆಯಿತು, 25 ಇದ್ದದ್ದು 24.3, 12 ಇದ್ದದ್ದು 14.3. ಅಂತರ 15ರಿಂದ 11ಕ್ಕೆ ಇಳಿಯಿತು, ಅಷ್ಟೇ. ಮೂರನ್ನೂ ಕೂಡಿಸಿ ಭಾಗಿಸಿದರೆ ಮತ್ತೆ ಅದೇ 21.3! ಎರಡು ಸಂಜೆ ಈ ಸೂತ್ರದಲ್ಲೇ ಕಳೆದುಹೋದವು. ಆಮೇಲೆ ಹೊಳೆಯಿತು. ಮೂವರೂ ಎಲ್ಲಾ ತಂಡಗಳನ್ನು ನೋಡಿದ್ದರೆ, ಬಿಗಿ ಕೈಯವರ ಬಿಗಿ ಎಲ್ಲಾ ತಂಡಗಳಿಗೂ ಒಂದೇ ರೀತಿ ತಟ್ಟಿರುತ್ತದೆ. ಆದ್ದರಿಂದ ಈ ತಿದ್ದುಪಡಿಯಿಂದ ಯಾವ ತಂಡದ ಸರಾಸರಿಯೂ ಕದಲುವುದಿಲ್ಲ. ಬೇರೆ ಬೇರೆ ಪರೀಕ್ಷಕರು ಬೇರೆ ಬೇರೆ ತಂಡಗಳನ್ನು ನೋಡುವ ಕಾಲೇಜುಗಳಲ್ಲಿ ಮಾತ್ರ ಅದಕ್ಕೆ ಕೆಲಸ ಉಂಟು. ಅಲ್ಲೂ ಒಬ್ಬೊಬ್ಬರಿಗೆ ಐದೇ ತಂಡ ಸಿಕ್ಕರೆ, ಆ ಐದು ನಿಜಕ್ಕೂ ಚೆನ್ನಾಗಿದ್ದವೋ, ಪರೀಕ್ಷಕರ ಕೈ ಸಡಿಲವಿತ್ತೋ ಹೇಳಲಿಕ್ಕಾಗುವುದಿಲ್ಲ.

ಅಂದರೆ ಮೇಡಂ ಬಿಗಿ ಎನ್ನುವುದು ಈ ತಂಡದ ಕಥೆಯಲ್ಲಿ ಸಣ್ಣ ಪಾಲು. ಉಳಿದ 11 ಅಂಕ ಎಲ್ಲಿಂದ ಬಂತು? ಲೆಕ್ಕ ಬಿಟ್ಟು ಅವರಿಗೇ ಫೋನ್ ಮಾಡಿದೆ.

“ಸರ್, ಅವರ ಗ್ರಾಫ್ ಬಹಳ ನುಣುಪಾಗಿತ್ತು. ನಾನು ಮೂಲ ಫೈಲ್ ತೆರೆಸಿದೆ. ಒಳಗೆ ಅಲ್ಲಲ್ಲಿ 85 ಇತ್ತು. ಮಕ್ಕಳು ಅದನ್ನು ಅಳಿಸಿ ಗ್ರಾಫ್ ಬರೆದಿದ್ದಾರೆ” ಎಂದರು.

ಈ ತಂಡದ ಹಾಗೆ ಡಿಎಸ್18ಬಿ20 ಎಂಬ ತಾಪಮಾನ ಸೆನ್ಸರ್ ಬಳಸಿದವರಿಗೆ ಈ 85ರ ಪರಿಚಯ ಇದ್ದೇ ಇರುತ್ತದೆ. ಕರೆಂಟ್ ಬಂದ ಕೂಡಲೇ ಅದರೊಳಗೆ ಕೂತಿರುವ ಸಂಖ್ಯೆ ಅದು. ಅಳತೆ ಮುಗಿಯುವ ಮೊದಲೇ ಓದಿದರೆ 85 ಡಿಗ್ರಿ ಎನ್ನುತ್ತದೆ. 12 ಬಿಟ್‌ನಲ್ಲಿ ಒಂದು ಅಳತೆಗೆ 750 ಮಿಲಿಸೆಕೆಂಡ್‌ವರೆಗೆ ಬೇಕು. ಹುಡುಗರು ಅಷ್ಟು ಹೊತ್ತು ಕಾಯುವಂತೆ ಬರೆದಿದ್ದರು. ಆದರೂ 85 ಬಂದಿದೆ. ಯಾಕೆಂದರೆ ಬೋಟಿನ ಇಂಜಿನ್ ಸ್ಟಾರ್ಟ್ ಮಾಡುವಾಗ ಬ್ಯಾಟರಿಯ ವೋಲ್ಟೇಜ್ ಕುಸಿದು, ಸೆನ್ಸರ್ ನಡುವೆಯೇ ಸತ್ತು ಹುಟ್ಟುತ್ತಿತ್ತು. ಅವರು ಅದನ್ನು ಸುಮ್ನೆ ಗಲಾಟೆ ಸಿಗ್ನಲ್ ಎಂದುಕೊಂಡು ತೆಗೆದುಹಾಕಿದ್ದರು. ಮೋಸದ ಉದ್ದೇಶ ಇರಲಿಲ್ಲ. ಕೇಳಿದ ಕೂಡಲೇ ತಾವಾಗಿ ಹೇಳಿದರು. ಆದರೆ ಯಂತ್ರದ ಅತಿ ದೊಡ್ಡ ದೋಷವೇ ವರದಿಯಿಂದ ಮಾಯವಾಗಿತ್ತು.

ಉಳಿದಿಬ್ಬರು ನೋಡಿದ್ದು ಬೇರೆಯೇ. ಅವರ ಎದುರು ಸೆನ್ಸರನ್ನು ಕರಗುತ್ತಿರುವ ಐಸ್‌ನಲ್ಲಿ ಅದ್ದಿದರು, ಪರದೆಯಲ್ಲಿ 0.3 ಬಂತು. ಆ ಸೆನ್ಸರ್‌ಗೆ ಅರ್ಧ ಡಿಗ್ರಿ ತಪ್ಪು ಸಹಜ. ಕೋಲ್ಡ್ ಸ್ಟೋರೇಜ್‌ನವರಿಗೆ ಖುಷಿಯಾಗಿ 27 ಕೊಟ್ಟರು. ಅವರದ್ದೂ ತಪ್ಪಲ್ಲ. ನನ್ನ ಹಾಳೆಯಲ್ಲಿ ಇದ್ದದ್ದೇ ‘ಪರೀಕ್ಷೆಯ ಗುಣಮಟ್ಟ: ಉತ್ತಮ, ಸಾಧಾರಣ, ಕಳಪೆ’ ಎಂದು. ಯಂತ್ರ ಓಡಿತೇ ಎಂಬ ಪ್ರಶ್ನೆಗೆ ಇಬ್ಬರು ಅಂಕ ಕೊಟ್ಟರು. ಯಂತ್ರ ಎಲ್ಲಿ ಸೋಲುತ್ತದೆ ಎಂದು ಹುಡುಕಿದ್ದಾರೆಯೇ ಎಂಬ ಪ್ರಶ್ನೆಗೆ ಒಬ್ಬರು ಕೊಟ್ಟರು.

ಹಾಗಾಗಿ ಡೆಮೊದ ಅಂಕವನ್ನು ಪೂರ್ತಿ ಡಿಸೈನ್‌ಗೆ ಸರಿಸಿದೆ. ಟೆಸ್ಟಿಂಗ್‌ನ 30ನ್ನು ಮೂರು ಹತ್ತುಗಳಾಗಿ ಒಡೆದೆ. ಮೊದಲ ಹತ್ತು, ಪರೀಕ್ಷೆಗೆ ಮುಂಚೆಯೇ ಎಷ್ಟು ಬರಬೇಕು, ಎಷ್ಟು ತಪ್ಪಿದರೆ ಫೇಲ್ ಎಂದು ಬರೆದಿಟ್ಟಿದ್ದಕ್ಕೆ. ಎರಡನೆಯದು, ನಿಜವಾಗಿ ಬಳಸುವ ಸ್ಥಿತಿಯಲ್ಲಿ ಪರೀಕ್ಷಿಸಿದ್ದಕ್ಕೆ. ಮೂರನೆಯದು, ಫೇಲ್ ಆದದ್ದನ್ನು ಏನು ಮಾಡಿದರು ಎಂಬುದಕ್ಕೆ. ಇದಕ್ಕೆ ಮೂಲ ಫೈಲ್ ತೆರೆದು ನೋಡುವುದು ಕಡ್ಡಾಯ. ಎಲ್ಲೂ ‘ಉತ್ತಮ’ ಎಂಬ ಮಾತಿಲ್ಲ. ಪರೀಕ್ಷಕರು ಕೈಯಲ್ಲಿ ಹಿಡಿದು ನೋಡಬಹುದಾದ ವಸ್ತುವಿನ ಹೆಸರೇ ಇದೆ.

ಅದೇ ಫೈಲುಗಳನ್ನು ಮೂವರಿಗೂ ಕಳಿಸಿ, ಒಬ್ಬರಿಗೊಬ್ಬರು ಮಾತಾಡದೆ ಮತ್ತೆ ಅಂಕ ಕೊಡಿ ಎಂದೆ. ಬಂದದ್ದು 14, 16, 13. ಕೋಲ್ಡ್ ಸ್ಟೋರೇಜ್‌ನವರೇ 27ರಿಂದ 14ಕ್ಕೆ ಇಳಿದಿದ್ದರು. “ಆ ಫೈಲ್ ನಾನು ನೋಡಿಯೇ ಇರಲಿಲ್ಲ ಮಾರಾಯ್ರೆ” ಎಂದರು.

ಹುಡುಗರಿಗೆ ಹೊಸ ಹಾಳೆ ಕೊಟ್ಟೆ. ಅವರು ಬಂದರಿನ ಧಕ್ಕೆಗೆ ಹೋಗಿ ಇಂಜಿನ್ನನ್ನು 40 ಸಲ ಸ್ಟಾರ್ಟ್ ಮಾಡಿಸಿ ಎಣಿಸಿದರು, 6 ಸಲ 85 ಬಂತು. ಬೋಟಿನ ಮಾಲೀಕರು ಎಷ್ಟು ಬೈದರೋ ಗೊತ್ತಿಲ್ಲ, ಡೀಸೆಲ್ ದುಡ್ಡನ್ನು ಮಾತ್ರ ಹುಡುಗರಿಂದಲೇ ವಸೂಲಿ ಮಾಡಿದರು. ಸೆನ್ಸರ್‌ಗೆ ಡಯೋಡ್ ಮತ್ತು ದೊಡ್ಡ ಕೆಪಾಸಿಟರ್ ಇರುವ ಬೇರೆ ಸಪ್ಲೈ ಕೊಟ್ಟ ಮೇಲೆ 40ರಲ್ಲಿ ಒಮ್ಮೆಯೂ ಬರಲಿಲ್ಲ. ಎರಡೂ ಎಣಿಕೆ ವರದಿಯಲ್ಲಿವೆ. ನಿನ್ನೆಯ ಅಂತಿಮ ಸುತ್ತಿನಲ್ಲಿ ಸಿಕ್ಕಿದ್ದು 24, 23, 25.

ಅಂದ ಹಾಗೆ, ಲ್ಯಾಬಿನಲ್ಲಿ ಒಂದು ಐಸ್ ಬಕೆಟ್ ಸ್ಟ್ಯಾಂಡ್ ಮಾಡಬೇಕೆಂದಿದ್ದೇನೆ. ಮುಂದಿನ ಬ್ಯಾಚಿನವರು ಸೆನ್ಸರ್ ಕೊಂಡ ದಿನವೇ ಅದರಲ್ಲಿ ಅದ್ದಿ ನೋಡಲಿ. ಆನ್‌ಲೈನ್‌ನಲ್ಲಿ ತರಿಸಿದ ಹತ್ತರಲ್ಲಿ ನಾಲ್ಕು ನಕಲಿ ಬಂದಿವೆ. ಒಂದಂತೂ ಐಸ್‌ನಲ್ಲಿ 1.8 ತೋರಿಸುತ್ತಿದೆ. ಮಾರಿದವರು ಫೋನ್ ಎತ್ತುತ್ತಿಲ್ಲ.

ಟೀಮ್‌ವರ್ಕ್ ಕಾಲಂ ಇನ್ನೂ ಹಾಗೇ ಇದೆ. ಒಂದು ತಂಡದ ನಾಲ್ವರಿಗೂ 17, 17, 17, 17. ಯಾರು ಏನು ಮಾಡಿದರು ಎಂದು ಕೇಳಿದರೆ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಆದ್ದರಿಂದ ಇನ್ನು ಮೇಲೆ ಸರ್ಕ್ಯೂಟ್ ಮಾಡಿದವಳಿಗೆ ಕೋಡ್‌ನ ಪ್ರಶ್ನೆ, ಕೋಡ್ ಬರೆದವನಿಗೆ ಸರ್ಕ್ಯೂಟ್‌ನ ಪ್ರಶ್ನೆ. ಒಟ್ಟಿಗೆ ಕೂತು ಕೆಲಸ ಮಾಡಿದ್ದರೆ ಪಕ್ಕದವರು ಯಾವ ದಾರಿ ಬಿಟ್ಟರು, ಯಾಕೆ ಬಿಟ್ಟರು ಎಂದಾದರೂ ಹೇಳಬೇಕಲ್ಲ. ಸೋಮವಾರ ಎರಡು ತಂಡಗಳ ಮೇಲೆ ಪ್ರಯೋಗ ಮಾಡುತ್ತಿದ್ದೇನೆ.